ಸುರಪುರಕ್ಕೆ ಹೋದ ಡಬ್ಬಿಗಳು

ಶಹಾಪುರದ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಕಿರಾಣಿ ಅಂಗಡಿ ಇತ್ತು. 'ಇತ್ತು' ಎಂದು ಬರೆಯಲು ಕೈ ಇನ್ನೂ ಒಗ್ಗಿಲ್ಲ, 'ಇದೆ' ಎಂದೇ ಬರುತ್ತದೆ, ಆಮೇಲೆ ತಿದ್ದುತ್ತೇನೆ. ಅಪ್ಪ ಹಾಕಿದ ಅಂಗಡಿ ಅದು. ಅವರಿಗೆ ಗಂಡುಮಕ್ಕಳಿರಲಿಲ್ಲ. ನನ್ನನ್ನು ಕೊಟ್ಟದ್ದೂ ಅದೇ ಊರಿನ ಶಾಲಾ ಮಾಸ್ತರರಿಗೆ. ಹಾಗಾಗಿ ಅಪ್ಪ ಹೋದ ಮೇಲೆ ಹಣದ ಗಲ್ಲೆಯ ಮುಂದೆ ನಾನು ಕೂತೆ. ಆಗ ಓಣಿಯವರಿಗೆ ಅದೊಂದು ನೋಡುವ ವಿಷಯವಾಗಿತ್ತು. ಬರಬರುತ್ತ ನನ್ನನ್ನು ನೋಡುವುದು ಬಿಟ್ಟು ತಕ್ಕಡಿ ನೋಡತೊಡಗಿದರು.

ಮುಚ್ಚಬೇಕು ಎಂಬ ತೀರ್ಮಾನಕ್ಕೆ ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಮೇಲಿನ ಹಲಗೆಯ ಮೇಲಿರುವುದನ್ನು ಗಿರಾಕಿ ಕೇಳಿದರೆ, ಇಲ್ಲ ಎಂದು ಸುಳ್ಳು ಹೇಳಲು ಶುರು ಮಾಡಿದ್ದೆ. ಇರುವ ಮಾಲನ್ನು ಇಲ್ಲ ಎನ್ನುವ ಅಂಗಡಿಯವಳು ಅಂಗಡಿಯಲ್ಲಿ ಕೂರಬಾರದು. ನನ್ನ ಗಂಡ ನಿವೃತ್ತಿಯಾಗಿ ಮನೆಯಲ್ಲಿ ಪೇಪರ್ ಓದುತ್ತ ಎಷ್ಟೋ ವರ್ಷವಾಗಿತ್ತು. ಅವರಂತೂ ದಿನವೂ ಕೇಳುತ್ತಿದ್ದರು, "ನಿನ್ನ ಪೆನ್ಷನ್ ಆರ್ಡರ್ ಯಾವಾಗ ಬರ್ತದ?" ಎಂದು.

ಗಿರಾಕಿಗಳಿಗೆ ತಿಳಿಸುವುದು ಸುಲಭ. ಅವರು ಬಾಗಿಲಿಗೇ ಬರುತ್ತಾರೆ. ಕಷ್ಟ ಇದ್ದದ್ದು ಮಾಲು ಕೊಡುವವರದ್ದು. ಅವರು ದೂರ ಇರುತ್ತಾರೆ, ಕಣ್ಣಿಂದ ನೋಡುವುದಿಲ್ಲ, ಕಿವಿಯಿಂದ ಕೇಳುತ್ತಾರೆ. ನಮ್ಮ ವ್ಯಾಪಾರದಲ್ಲಿ 'ಅಂಗಡಿ ಮುಚ್ಚುತ್ತಾಳಂತೆ' ಎಂಬ ಮಾತು ಶಹಾಪುರದಲ್ಲಿ ಬಸ್ಸು ಹತ್ತಿದರೆ, ಯಾದಗಿರಿಯಲ್ಲಿ ಇಳಿಯುವಾಗ 'ಮುಳುಗಿದಳಂತೆ' ಎಂದಾಗಿರುತ್ತದೆ. ಅದಕ್ಕೇ ಪತ್ರ ಸುದ್ದಿಗಿಂತ ಮುಂಚೆ ಹೋಗಬೇಕು. ತೀರಾ ತಡವಾಗಿಯೂ ಹೋಗಬಾರದು. ದೀಪಾವಳಿಗೆಂದು ನಮ್ಮ ಅಂಗಡಿಯ ಲೆಕ್ಕ ಹಿಡಿದು ಅವರು ಮಾಲು ಕೂಡಿಟ್ಟಮೇಲೆ 'ಬೇಡ' ಎಂದರೆ ಅದು ಮೋಸ. ಶ್ರಾವಣ ಮುಗಿದ ಕೂಡಲೇ ಬರೆಯುವುದೆಂದು ಗೊತ್ತುಮಾಡಿಕೊಂಡೆ.

ಸೋಪು, ಬಿಸ್ಕೀಟು, ಹಲ್ಲುಜ್ಜುವ ಪೇಸ್ಟಿನ ಕಂಪನಿಗಳ ಹುಡುಗರಿಗೆ ಪತ್ರ ಬೇಕಿರಲಿಲ್ಲ. ಅವರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಅವರಿಗೆ ಬಾಯಲ್ಲೇ ಹೇಳಿ, ತಾರೀಖು ಮೀರುವ ಮಾಲನ್ನು ವಾಪಸ್ ಎತ್ತಿಸಿ, ಅದರ ಚೀಟಿ ಇಸಕೊಂಡೆ. ಪತ್ರ ಬರೆಯಬೇಕಾದವರು ಮೂವರೇ. ಯಾದಗಿರಿಯ ಬೇಳೆ ಮಿಲ್ಲಿನವರು, ವಡಗೇರಾ ಕಡೆಯಿಂದ ಅಕ್ಕಿ ಕಳಿಸುವವರು, ಸುರಪುರದ ಗಾಣದವರು. ಮೂವರೂ ಅಪ್ಪನ ಕಾಲದಿಂದ ಬಂದವರು. ಈ ಮೂವರಲ್ಲಿ ಒಬ್ಬರ ಮನಸ್ಸೂ ಕೆಡಬಾರದು, ಅಂಗಡಿಯ ಕೊನೆಯ ಕೆಲಸ ಅದೊಂದೇ ಎಂದುಕೊಂಡಿದ್ದೆ. ಉಳಿದದ್ದೆಲ್ಲ ಕಸ ಗುಡಿಸುವ ಕೆಲಸ.

ಮೊದಲ ಕರಡು ಮಾಸ್ತರರು ಬರೆದರು. ಕನ್ನಡ ಕಲಿಸಿದ ಕೈ. "ತಮ್ಮೊಂದಿಗಿನ ಸುದೀರ್ಘ ವಾಣಿಜ್ಯ ಬಾಂಧವ್ಯಕ್ಕೆ ವಿಷಾದಪೂರ್ವಕವಾಗಿ ಮಂಗಳ ಹಾಡುತ್ತ" ಎಂದು ಶುರುವಾಗಿತ್ತು. ನಾನು ಓದಿ, "ಇದನ್ನ ಓದಿದ್ರ ನಾನ ಸತ್ತೀನಿ ಅಂತ ತಿಳೀತಾರ" ಎಂದೆ.

"ಭಾಷಾ ಗಂಭೀರ ಇರಬೇಕಲ್ಲ" ಎಂದರು.

"ಅವರು ನನ್ನ ಜೋಡಿ ಇಷ್ಟು ವರ್ಷ ಫೋನಿನ್ಯಾಗ ಮಾತಾಡ್ಯಾರ. ಈಗ ಒಮ್ಮಿಂದೊಮ್ಮೆಲೆ ಸಂಸ್ಕೃತ ಮಾತಾಡಿದ್ರ ಹೆದರ್ತಾರ."

ಅವರಿಗೆ ಸಿಟ್ಟು ಬಂತು. ಆದರೂ ಪೆನ್ನು ನನ್ನ ಕೈಗೆ ಕೊಟ್ಟರು, ಅಕ್ಷರ ತಪ್ಪಿದ್ದಲ್ಲಿ ಮಾತ್ರ ಬೆರಳಿಡುವುದಾಗಿ ಒಪ್ಪಿದರು. ಮೂವರಿಗೂ ಒಂದೇ ಪತ್ರದ ಝೆರಾಕ್ಸ್ ಕಳಿಸಿದರೆ ಸಾಕಲ್ಲ ಎಂದೂ ಕೇಳಿದರು. ಬೇಳೆಗೂ ಅಕ್ಕಿಗೂ ಎಣ್ಣೆಗೂ ಒಂದೇ ಮಾತು ಹೇಗಾಗುತ್ತದೆ? ಮೂರನ್ನೂ ಬೇರೆ ಬೇರೆಯಾಗಿ ಬರೆದೆ. ಸುರಪುರದವರಿಗೆ ಬರೆದದ್ದು ಇದು. ಅದರ ಒಂದು ಪ್ರತಿ ಇನ್ನೂ ನನ್ನ ಹತ್ತಿರ ಇದೆ.

"ಶರಣು ಶರಣಾರ್ಥಿ.

ಈ ದೀಪಾವಳಿ ಪಾಡ್ಯದಿಂದ ನಮ್ಮ ಅಂಗಡಿ ಇರುವುದಿಲ್ಲ. ಈ ಮಾತು ಬೇರೆಯವರ ಬಾಯಿಂದ ನಿಮಗೆ ತಲುಪಬಾರದೆಂದು ನಾನೇ ಬರೆಯುತ್ತಿದ್ದೇನೆ. ನಷ್ಟವಾಗಿ ಮುಚ್ಚುತ್ತಿಲ್ಲ, ಯಾರೊಂದಿಗೂ ಜಗಳವಾಗಿಲ್ಲ. ಮೊಣಕಾಲು ಸೋತಿವೆ, ಅಷ್ಟೇ.

ದಸರೆಗೆ ಎಂದಿನಷ್ಟು ಕುಸುಬಿ ಎಣ್ಣೆ, ಅದರ ಅರ್ಧ ಶೇಂಗಾ ಎಣ್ಣೆ ಕಳಿಸಿರಿ. ಅದೇ ಕೊನೆಯ ಮಾಲು. ದೀಪಾವಳಿಗೆಂದು ನಮ್ಮ ಲೆಕ್ಕದಲ್ಲಿ ಕುಸುಬಿ ಹಿಡಿದಿಡಬೇಡಿರಿ. ಪಾಡ್ಯದ ನಂತರ ನಮ್ಮ ಅಂಗಡಿಯ ಹೆಸರಿಗೆ ಬಿಲ್ಲು ಮಾಡಬೇಡಿರಿ, ಜಿಎಸ್‌ಟಿ ನಂಬರು ರದ್ದು ಮಾಡಿಸಲು ಅರ್ಜಿ ಹಾಕುತ್ತಿದ್ದೇನೆ. ನಮ್ಮ ಕಡೆಯ ಲೆಕ್ಕದ ಹಾಳೆ ಎರಡು ಪ್ರತಿ ಜೊತೆಗಿದೆ. ನಿಮ್ಮ ಪುಸ್ತಕದೊಂದಿಗೆ ತಾಳೆ ನೋಡಿ, ಸರಿಯಿದ್ದರೆ ಒಂದಕ್ಕೆ ಸಹಿ ಹಾಕಿ ಕಳಿಸಿರಿ. ವ್ಯತ್ಯಾಸ ಬಂದರೆ ನಿಮ್ಮ ಲೆಕ್ಕವೇ ನನ್ನ ಲೆಕ್ಕ.

ನಮ್ಮ ಗಿರಾಕಿಗಳು ನಿಮ್ಮ ಎಣ್ಣೆಯನ್ನೇ ಕೇಳುತ್ತಾರೆ. ಅವರಿಗಾಗಿ ಗಂಜ್ ರಸ್ತೆಯ ಅಂಗಡಿಯವರಿಗೆ ನಿಮ್ಮ ನಂಬರು ಕೊಟ್ಟಿದ್ದೇನೆ. ಒಳ್ಳೆಯ ಮನುಷ್ಯ. ಆದರೂ ಮೊದಲ ಮಾಲು ನಗದಿಗೇ ಕೊಡಿರಿ. ಇದನ್ನು ನಾನು ಹೇಳಿದೆನೆಂದು ಹೇಳಬೇಡಿರಿ.

ಅಪ್ಪ ತೀರಿಕೊಂಡ ಹೊಸತರಲ್ಲಿ, ಹೆಣ್ಣುಮಗಳು ಅಂಗಡಿ ನಡೆಸುತ್ತಾಳೋ ಇಲ್ಲವೋ ನೋಡೋಣ ಎಂದು ಎಲ್ಲರೂ ಮಾಲು ತಡೆದರು. ನೀವು ಎಂದಿನ ವಾರಕ್ಕೆ ಎಂದಿನ ಡಬ್ಬಿ ಕಳಿಸಿದಿರಿ. ಒಂದು ಮಾತೂ ಕೇಳಲಿಲ್ಲ. ಆ ಎಣ್ಣೆ ಮಾರಿಯೇ ನಾನು ಅಂಗಡಿಯವಳಾದೆ. ಇದನ್ನು ಫೋನಿನಲ್ಲಿ ಹೇಳಲು ನನಗೆ ಬರಲಿಲ್ಲ, ಅದಕ್ಕೇ ಬರೆದಿದ್ದೇನೆ.

ಪಾಡ್ಯದ ದಿನ ಮಧ್ಯಾಹ್ನ ನಮ್ಮ ಮನೆಗೆ ಊಟಕ್ಕೆ ಬರಬೇಕು. ಬೇಳೆಯವರು, ಅಕ್ಕಿಯವರು ಇರುತ್ತಾರೆ. ವ್ಯಾಪಾರದ ಮಾತು ಇರುವುದಿಲ್ಲ."

ಕೆಳಗೆ ಸಹಿ ಹಾಕಿದೆ. ಮಾಸ್ತರರು ಓದಿ ಒಂದೇ ಒಂದು ಒತ್ತಕ್ಷರ ತಿದ್ದಿದರು. ಕನ್ನಡಕ ತೆಗೆದು ಒರೆಸಿಕೊಂಡು, "ಹಿಂಗೂ ಬರೀಬಹುದು, ತಪ್ಪೇನಿಲ್ಲ" ಎಂದರು. ಅವರ ಬಾಯಲ್ಲಿ ಅದು ನೂರಕ್ಕೆ ನೂರು ಅಂಕ.

ಪತ್ರಗಳು ಮುಟ್ಟಿದವು. ಬೇಳೆಯವರು ಅದೇ ದಿನ ಫೋನು ಮಾಡಿ ಅರ್ಧ ತಾಸು ಮಾತಾಡಿದರು, ಅದರಲ್ಲಿ ಹೆಚ್ಚಿನದು ಅವರ ಸಕ್ಕರೆ ಕಾಯಿಲೆಯ ವಿಷಯ. ಅಕ್ಕಿಯವರು ಲೆಕ್ಕದ ಹಾಳೆಗೆ ಸಹಿ ಹಾಕಿ, ಅದರ ಮೂಲೆಯಲ್ಲಿ 'ಊಟಕ್ಕೆ ನಮ್ಮ ಅಕ್ಕಿನೇ ಇರಲಿ' ಎಂದು ಬರೆದು ಕಳಿಸಿದರು. ಸುರಪುರದವರದ್ದು ಮಾತು ಕಮ್ಮಿ. ನನಗಿಂತ ಹತ್ತು ವರ್ಷ ಹಿರಿಯರು. ಫೋನು ಮಾಡಿ, "ಚೀಟಿ ಓದೀನ್ರಿ. ಮೊಣಕಾಲಿಗೆ ಎಳ್ಳೆಣ್ಣಿ ಬೆಚ್ಚಗ ಮಾಡಿ ಹಚ್ಚ್ರಿ, ಅಕ್ಕಾರ. ಪಾಡ್ಯಕ್ಕ ಬರ್ತೀನಿ" ಎಂದು ಇಟ್ಟುಬಿಟ್ಟರು. ಅಷ್ಟು ಮಾತು ಅವರಿಂದ ಒಮ್ಮೆಗೇ ಬಂದದ್ದು ನನಗೆ ನೆನಪಿಲ್ಲ. ನಾನು ಗಲ್ಲೆಯ ಮುಂದೆ ಸುಮ್ಮನೆ ಕೂತು ಅತ್ತೆ. ಸಂತೋಷಕ್ಕೇ ಅತ್ತದ್ದು.

ಈಗ ಡಬ್ಬಿಗಳ ವಿಷಯ ಹೇಳಬೇಕು. ಗಾಣದವರ ಎಣ್ಣೆ ಬರುವುದು ಅವರದೇ ತಗಡಿನ ಡಬ್ಬಿಗಳಲ್ಲಿ. ಮುಚ್ಚಳದ ಮೇಲೆ ಕೆಂಪು ಬಣ್ಣದ ಒಂದು ಗೀಟು, ಅದೇ ಗುರುತು. ಎಣ್ಣೆ ಮುಗಿದ ಡಬ್ಬಿ ಸುರಪುರದ ಟೆಂಪೋದಲ್ಲಿ ವಾಪಸ್ ಹೋಗುತ್ತದೆ, ತುಂಬಿ ಮತ್ತೆ ಬರುತ್ತದೆ. ಆದರೆ ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಬರಿದಾಗಿ ಯಾರೂ ವಾಪಸ್ ಕೊಡುವುದಿಲ್ಲ. ನೆರೆಮನೆಯ ಬಟ್ಟಲಾದರೂ ಚಿಟಿಕೆ ಸಕ್ಕರೆ ಹಾಕಿಯೇ ಕೊಡುತ್ತೇವೆ. ಅಪ್ಪ ಡಬ್ಬಿಗಳಲ್ಲಿ ಯಾವುದಾದರೂ ಒಂದರಲ್ಲಿ ಬೆಲ್ಲದ ಹೆಂಟೆಯನ್ನೋ ಹಿಡಿ ಪುಟಾಣಿ ಹುರಿಗಡಲೆಯನ್ನೋ ಹಾಕುತ್ತಿದ್ದರು. ನಾನೂ ಹಾಕುತ್ತ ಬಂದೆ. ಸುರಪುರದವರು ಒಮ್ಮೆಯೂ 'ಮುಟ್ಟಿತು' ಎಂದವರಲ್ಲ, ನಾನೂ 'ಹಾಕಿದ್ದೇನೆ' ಎಂದವಳಲ್ಲ. ಅವರ ಮನೆಯವರು ಡಬ್ಬಿ ಬಂದ ಕೂಡಲೇ ಒಂದೊಂದೇ ಮುಚ್ಚಳ ತೆಗೆದು ಹುಡುಕುತ್ತಾರೆ ಎಂದು ಟೆಂಪೋದವನು ಯಾವಾಗಲೋ ಹೇಳಿದ್ದ.

ದಸರೆಯ ಎಣ್ಣೆ ಬಂತು, ಮಾರಿಹೋಯಿತು. ನಂತರದ ದಿನಗಳಲ್ಲಿ ನನಗೆ ಒಂದು ಬಗೆಯ ಹುಚ್ಚು ಹಿಡಿದಿತ್ತು. ಯಾರದ್ದೂ ಏನೂ ನನ್ನ ಹತ್ತಿರ ಉಳಿಯಬಾರದು, ಎಲ್ಲ ಚೊಕ್ಕಟವಾಗಬೇಕು ಎಂಬ ಹುಚ್ಚು. ಅಕ್ಕಿಯವರ ಚೀಲಗಳನ್ನು ಜಾಡಿಸಿ ಮಡಿಚಿ ಕಟ್ಟಿದೆ. ಉಳಿದ ಮಾಲನ್ನು ತೂಗಿಸಿ ಗಂಜ್ ರಸ್ತೆಯವರಿಗೆ ಎತ್ತಿ ಕೊಟ್ಟೆ. ಹಲಗೆಗಳ ಮೇಲೆ ಒಂದು ಕಾಳೂ ಉಳಿಯಲಿಲ್ಲ. ಎಣ್ಣೆಯ ಡಬ್ಬಿಗಳನ್ನು ಬಿಸಿನೀರಿನಲ್ಲಿ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದೆ. ಮೊಣಕಾಲಿನ ನೋವೂ ಗೊತ್ತಾಗಲಿಲ್ಲ. ಡಬ್ಬಿಗಳು ಹೊಸ ತಗಡಿನ ಹಾಗೆ ಹೊಳೆದವು. ಮೇಲಿನ ಡಬ್ಬಿಯೊಳಗೆ ಒಂದು ಚೀಟಿ ಇಟ್ಟೆ, 'ಎಲ್ಲ ಡಬ್ಬಿ ಮುಟ್ಟಿದ್ದಕ್ಕೆ ಸಹಿ ಮಾಡಿ ಕಳಿಸಿರಿ' ಎಂದು. ಟೆಂಪೋದವನ ಕೈಗೆ ಒಪ್ಪಿಸಿ, ಎಷ್ಟು ಸರಿಯಾಗಿ ಮುಗಿಸಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಚೀಟಿಗೆ ಸಹಿಯಾಗಿ ಮರುದಿನವೇ ಬಂತು. ಫೋನು ಬರಲಿಲ್ಲ. ನಾನೂ ಗಮನಿಸಲಿಲ್ಲ.

ಪಾಡ್ಯದ ದಿನ ಬೆಳಿಗ್ಗೆ ಖಾಲಿ ಅಂಗಡಿಯಲ್ಲಿ ಪೂಜೆ ಮಾಡಿದೆವು. ಪ್ರತಿವರ್ಷ ಆ ದಿನ ಹೊಸ ಖಾತೆ ಪುಸ್ತಕಕ್ಕೆ ಕುಂಕುಮ ಹಚ್ಚುತ್ತಿದ್ದೆ. ಈ ಸಲ ತಕ್ಕಡಿಗೆ ಹಚ್ಚಿ, ಕೀಲಿ ಹಾಕಿ ಮನೆಗೆ ಬಂದೆ. ಹೋಳಿಗೆ, ಬದನೆಕಾಯಿ ಎಣಗಾಯಿ, ವಡಗೇರಾದ ಅಕ್ಕಿಯ ಅನ್ನ ಮಾಡಿದ್ದೆ. ಬೇಳೆಯವರು ಬಂದರು, ಅಕ್ಕಿಯವರು ಬಂದರು. ಐದು ಎಲೆ ಹಾಕಿ ಕಾದೆವು. ಹೊತ್ತು ಮೀರಿತು. ಮಾಸ್ತರರು ಎರಡು ಸಲ ಬೀದಿಯ ಕೊನೆಯವರೆಗೆ ಹೋಗಿ ಬಂದರು. ಫೋನು ಮಾಡಿದರೆ ಆ ಕಡೆ ಎತ್ತಲಿಲ್ಲ.

ಕಡೆಗೆ ಬೇಳೆಯವರೇ ಬಾಯಿಬಿಟ್ಟರು. "ಅಕ್ಕಾರ, ಅಡಿಗಿ ತಣ್ಣಗಾಗಾಕತ್ತದ. ಅವರು ಬರಂಗಿಲ್ರಿ. ನಿನ್ನೆ ಫೋನ್ ಮಾಡಿದ್ದೆ. ಮನಸ್ಸಿಗೆ ಹಚ್ಕೊಂಡಾರ."

"ಯಾಕ್ರಿ? ನಾನೇನು ಮಾಡೀನಿ?"

"ಡಬ್ಬಿ ಖಾಲಿ ಬಂದಾವಂತ. ತೊಳದು ಬ್ಯಾರೆ ಕಳ್ಸೀರಂತ. ಒಳಗ ಬರೇ ಸಹಿ ಮಾಡೂ ಚೀಟಿ ಇತ್ತಂತ. ನಮ್ಮ ನಂಟು ಇಲ್ಲಿಗೆ ಸಾಕು ಅಂತ ಅಕ್ಕಾರ ಹೇಳಿದಂಗಾತು, ಇನ್ನ ಊಟಕ್ಕ ಹೆಂಗ ಹೋಗ್ಲಿ ಅಂದ್ರು."

ನನಗೆ ಮೊದಲು ಬಂದದ್ದು ಸಿಟ್ಟು. ಅಷ್ಟು ಉದ್ದದ ಪತ್ರ ಬರೆದಿದ್ದೇನೆ, ಎದೆಯೊಳಗಿನದನ್ನೆಲ್ಲ ತೋಡಿ ಹಾಕಿದ್ದೇನೆ, ಒಂದು ಹೆಂಟೆ ಬೆಲ್ಲಕ್ಕೆ ಮುನಿಸೇ? ಬಡಿಸುವ ಸೌಟನ್ನು ಪಾತ್ರೆಯಲ್ಲಿ ಕುಕ್ಕಿದೆ. ಎರಡನೇ ತುತ್ತಿಗೆ ಸಿಟ್ಟು ಇಳಿದು ನಾಚಿಕೆ ಹತ್ತಿತು. ಎಣ್ಣೆಯವರು ಡಬ್ಬಿಗೆ ನೀರು ಸೋಕಿಸುವುದಿಲ್ಲ, ತಗಡಿನ ಸಂದಿಯಲ್ಲಿ ತೇವ ಉಳಿದರೆ ಎಣ್ಣೆ ಕಮಟು ಹಿಡಿಯುತ್ತದೆ. ಸೋಸಿ, ಬಟ್ಟೆಯಿಂದ ಒರೆಸಿ, ಅಷ್ಟೇ. ಇಷ್ಟು ವರ್ಷ ಹಾಗೆಯೇ ಕಳಿಸಿದ್ದೆ. ತೊಳೆದು ಕಳಿಸಿದರೆ ಇನ್ನು ಇದರಲ್ಲಿ ಎಣ್ಣೆ ಬೇಡ ಎಂದೇ ಅರ್ಥ. ನಾನು ಹೊಳಪು ನೋಡಿದೆ, ಅವರು ಒಳಗೆ ನೋಡಿದರು. ಅಂಗಡಿಯಲ್ಲಿ ಹಾಕಲು ಏನೂ ಉಳಿದಿರಲಿಲ್ಲ ಎಂದು ಹೇಳಬಹುದಿತ್ತು. ಆದರೆ ಆಗ ಮನೆಯಲ್ಲಿ ಬೆಲ್ಲ ಇತ್ತಲ್ಲ.

ಆ ರಾತ್ರಿ ಮಾಸ್ತರರು, "ಇನ್ನೊಂದು ಪತ್ರ ಬರೀ. ನಾ ತಿದ್ತೀನಿ" ಎಂದರು.

"ಪತ್ರದ ಕೆಲಸ ಪತ್ರ ಮಾಡ್ಯಾದ. ಇದು ಡಬ್ಬಿ ಕೆಲಸ" ಎಂದೆ.

ಆದರೆ ಡಬ್ಬಿ ಎಲ್ಲಿದೆ? ಎಲ್ಲವನ್ನೂ ಕಳಿಸಿಬಿಟ್ಟಿದ್ದೆನಲ್ಲ. ಅಡುಗೆಮನೆಯಲ್ಲಿ ಕತ್ತೆತ್ತಿ ನೋಡಿದರೆ ಒಲೆಯ ಪಕ್ಕದಲ್ಲೇ ಒಂದು ಕೂತಿತ್ತು. ಮನೆ ಖರ್ಚಿಗೆಂದು ಎತ್ತಿಟ್ಟದ್ದು, ಮುಚ್ಚಳದ ಮೇಲೆ ಅದೇ ಕೆಂಪು ಗೀಟು. ತಳದಲ್ಲಿ ಉಳಿದ ಎಣ್ಣೆಯನ್ನು ಬಟ್ಟಲಿಗೆ ಬಸಿದು, ಡಬ್ಬಿಯನ್ನು ಬೋರಲು ಹಾಕಿ, ಒಣ ಅರಿವೆಯಿಂದ ಒರೆಸಿದೆ. ನೀರಿನ ಹತ್ತಿರಕ್ಕೂ ಒಯ್ಯಲಿಲ್ಲ. ಬೆಳಿಗ್ಗೆ ಬೆಲ್ಲ ನೋಡಿದರೆ ಹೋಳಿಗೆಗೇ ಮುಗಿದುಹೋಗಿತ್ತು. ಗಂಜ್ ರಸ್ತೆಯ ಅಂಗಡಿಗೆ ಹೋದೆ. ಹುಟ್ಟಿದಂದಿನಿಂದ ಕಿರಾಣಿ ಅಂಗಡಿಯ ಕಟ್ಟೆಯ ಈ ಕಡೆ, ಗಿರಾಕಿಯಾಗಿ ನಿಂತು ಸಾಮಾನು ಕೇಳಿದವಳಲ್ಲ. ಬೆಲ್ಲದ ಹೆಂಟೆ ಆರಿಸುವಾಗ ಅಂಗಡಿಯವರು, "ನಿಮಗ ಯಾವುದು ಛಲೋ ಅಂತ ನಾ ಏನ್ ಹೇಳ್ಲಿರಿ, ಅಕ್ಕಾರ" ಎಂದು ನಕ್ಕರು. ಬೆಲ್ಲ, ಪುಟಾಣಿ, ಒಣಕೊಬ್ಬರಿ ತೆಗೆದುಕೊಂಡು ಡಬ್ಬಿ ತುಂಬಿಸಿ ಸುರಪುರದ ಬಸ್ಸು ಹತ್ತಿದೆ. ಮಾಸ್ತರರು ನಾನೂ ಬರುತ್ತೇನೆ ಎಂದರು. ಬೇಡ ಎಂದೆ. ಅವರು ಬಂದರೆ ಭಾಷಣವಾಗುತ್ತದೆ.

ಹತ್ತಿಗೂಡೂರು ದಾಟುವವರೆಗೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ರಸ್ತೆಯ ಎರಡೂ ಕಡೆ ಹತ್ತಿ ಒಡೆದು ಬಿಳಿಯಾಗಿತ್ತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಗಾಣದ ಬಾಗಿಲಿಗೆ ಹೋದದ್ದು ಅದೇ ಮೊದಲು. ಮಾಲು ಬರುತ್ತಿತ್ತು, ಡಬ್ಬಿ ಹೋಗುತ್ತಿತ್ತು, ನಾವು ಮಾತ್ರ ಇದ್ದಲ್ಲೇ ಇರುತ್ತಿದ್ದೆವು.

ಗಾಣ ಈಗ ಕರೆಂಟಿನದು. ಎಣ್ಣೆ ತೆಗೆದ ಹಿಂಡಿಯ ಬೆಚ್ಚನೆ ವಾಸನೆ ಓಣಿಯ ತುದಿಗೇ ಬಂತು, ದಾರಿ ಕೇಳುವ ಅಗತ್ಯವೇ ಬೀಳಲಿಲ್ಲ. ಸುರಪುರದವರು ಬಾಗಿಲಲ್ಲೇ ಮಣೆಯ ಮೇಲೆ ಕೂತಿದ್ದರು. ಅವರ ಹಿಂದೆ ಗೋಡೆಗೆ ನಾನು ಕಳಿಸಿದ ಡಬ್ಬಿಗಳು ಸಾಲಾಗಿದ್ದವು, ಇನ್ನೂ ಹೊಳೆಯುತ್ತಿದ್ದವು. ಒಂದರಲ್ಲೂ ಎಣ್ಣೆ ತುಂಬಿರಲಿಲ್ಲ.

"ಶರಣ್ರಿ" ಎಂದೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಡಬ್ಬಿಯನ್ನು ಅವರ ಮುಂದಿಟ್ಟು, "ಒಂದು ಉಳದಿತ್ರಿ" ಎಂದಷ್ಟೇ ಹೇಳಿದೆ.

ಅವರು ನನ್ನನ್ನು ನೋಡಿದರು, ಡಬ್ಬಿ ನೋಡಿದರು. ಮುಚ್ಚಳ ತೆಗೆದು ಒಳಗೆ ಕೈ ಹಾಕಿದರು. ಬೆಲ್ಲದ ಹೆಂಟೆ ಕೈಗೆ ಸಿಕ್ಕಿತು, ಅದನ್ನು ಅಲ್ಲೇ ಬಿಟ್ಟು ಡಬ್ಬಿಯ ಒಳಬದಿಗೆ ಬೆರಳು ಸವರಿ ಮೂಸಿದರು. ಎಣ್ಣೆಯ ಜಿಡ್ಡು ಹಾಗೇ ಇತ್ತು.

"ಇದನ್ನ ತೊಳದಿಲ್ಲ" ಎಂದರು.

"ಇಲ್ರಿ."

"ಚೀಟಿನೂ ಹಾಕಿಲ್ಲ."

"ಹಾಕಿಲ್ರಿ. ತಪ್ಪಾತ್ರಿ."

ಅವರು ಒಳಗೆ ತಿರುಗಿ ಹೆಂಡತಿಯನ್ನು ಕರೆದರು. "ಏ, ಶಹಾಪುರದ ಅಕ್ಕಾರ ಬಂದಾರ ನೋಡು. ಡಬ್ಬಿ ಒಳಗ ಒಯ್ಯಿ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಮೊದಲಿನ ಚೀಟಿ ಚಂದ ಇತ್ರಿ. ಇಕಿಗೆ ಎರಡು ಸಲ ಓದಿ ಹೇಳೀನಿ. ಅದರ ಮ್ಯಾಲ ಆ ಡಬ್ಬಿ ಬಂದ್ರ ಹೆಂಗಾಗಬ್ಯಾಡ?" ಎಂದರು.

ಅವರ ಹೆಂಡತಿ ರೊಟ್ಟಿ, ಪುಂಡಿಪಲ್ಯೆ ಬಡಿಸಿದರು. ಊಟದ ಹೊತ್ತಿನಲ್ಲಿ ನನ್ನ ಮೊಣಕಾಲು, ಅವರ ಸೊಂಟ, ಕುಸುಬಿ ಬೆಳೆಯುವವರೇ ಕಡಿಮೆಯಾದದ್ದು, ಗಂಜ್ ರಸ್ತೆಯವರು ಮೊದಲ ಮಾಲನ್ನು ನಗದಿಗೆ ಒಯ್ದದ್ದು, ಎಲ್ಲ ಮಾತಾಯಿತು. ಏಳುವಾಗ ನೋಡಿದರೆ ನನ್ನ ಡಬ್ಬಿ ಬಾಗಿಲ ಹತ್ತಿರ ಬಂದು ನಿಂತಿತ್ತು. ಎತ್ತಲು ಹೋದೆ, ಏಳಲಿಲ್ಲ. ಕಂಠದವರೆಗೆ ಕುಸುಬಿ ಎಣ್ಣೆ.

"ಅಯ್ಯ, ಇದೇನ್ರಿ! ನನ್ನ ಅಂಗಡಿನೇ ಇಲ್ಲಲ್ರಿ ಈಗ" ಎಂದೆ.

"ಅಂಗಡಿಗೆ ಯಾರು ಕೊಟ್ಟಾರ? ಬರೇ ಡಬ್ಬಿ ನಿಮ್ಮ ಕೈಯಾಗ ಹೆಂಗ ಕೊಡೂದ್ರಿ?" ಎಂದರು ಅವರ ಹೆಂಡತಿ.

ಸುರಪುರದವರೇ ಡಬ್ಬಿಯನ್ನು ಟಂಟಂ ಆಟೋದಲ್ಲಿ ಇರಿಸಿ ಬಸ್ ನಿಲ್ದಾಣದವರೆಗೆ ಬಂದರು, ಕಂಡಕ್ಟರನಿಗೆ ಹೇಳಿ ಡ್ರೈವರನ ಹಿಂದೆ ಜಾಗ ಮಾಡಿಸಿದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದರು.

"ಡಬ್ಬಿ ನಮ್ಮದ್ರಿ, ಅಕ್ಕಾರ. ಎಣ್ಣಿ ಮುಗದ ಮ್ಯಾಲ ವಾಪಸ್ ಬರ್ಬೇಕು" ಎಂದರು. ಬಸ್ಸು ಸರಿಯತೊಡಗಿತು. ಅವರು ಎರಡು ಹೆಜ್ಜೆ ಜೊತೆಗೇ ನಡೆದು, ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಹೇಳಿದರು, "ತೊಳದು ಮಾತ್ರ ಕಳಸಬ್ಯಾಡ್ರಿ!"

ಡಬ್ಬಿ ಈಗ ಒಲೆಯ ಪಕ್ಕದಲ್ಲಿದೆ, ಎಣ್ಣೆ ಅರ್ಧಕ್ಕಿಂತ ಕೆಳಗೆ ಇಳಿದಿದೆ. ಸಂಕ್ರಾಂತಿಯ ಹೊತ್ತಿಗೆ ಮುಗಿಯಬಹುದು. ಅದರಲ್ಲಿ ಹಾಕಿ ಕಳಿಸಲು ಎಳ್ಳು ಹುರಿದಿಟ್ಟಿದ್ದೇನೆ.